ಆಮ್ಲದಲ್ಲಿ ನೆನೆಸಿದ 4ಎ ಝಿಯೋಲೈಟ್ ಲೋಳೆಯಾಯಿತು: ಆಮ್ಲ ರೂಪ ಪಡೆಯುವುದು ಹೇಗೆ?

ಮೇಘನಾ_ರಸಾಯನ

ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಅಸಿಟಿಕ್ ಆಮ್ಲ ಮತ್ತು ಎಥನಾಲ್‌ನಿಂದ ಈಥೈಲ್ ಅಸಿಟೇಟ್ ತಯಾರಿಸಬೇಕು. ಸಲ್ಫ್ಯೂರಿಕ್ ಆಮ್ಲದ ಬದಲಿಗೆ, ಕೊನೆಯಲ್ಲಿ ಸೋಸಿ ತೆಗೆಯಬಹುದಾದ ಘನ ವೇಗವರ್ಧಕವನ್ನು ಬಳಸುವುದು ಉದ್ದೇಶ. ಅಲ್ಯೂಮಿನಿಯಂ ಹೆಚ್ಚಿದ್ದಷ್ಟೂ ಆಮ್ಲ ತಾಣಗಳು ಹೆಚ್ಚು ಎಂದು ಓದಿ, ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಸಮಸಮ ಇರುವ 4ಎ ಎಂಬ ರಂಧ್ರಮಯ ಝಿಯೋಲೈಟ್ ಹರಳಿನ ಪುಡಿಯನ್ನು ಆರಿಸಿಕೊಂಡೆ. ಒಣಗಿಸಿದ 10 ಗ್ರಾಂ ಪುಡಿಯನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 100 ಮಿಲಿಲೀಟರ್‌ನಲ್ಲಿ ಕಲಕಿದೆ. ಸೋಡಿಯಂ ಹೊರಬಂದು ಪ್ರೋಟಾನ್ ಒಳಹೋಗಬೇಕಿತ್ತು. ಆದರೆ ಸೋಸುಕಾಗದ ಕಟ್ಟಿಕೊಂಡಿತು, ಸೋಸಿದ ದ್ರಾವಣದ ಪಿಎಚ್ ಕಾಗದದಲ್ಲಿ ಸುಮಾರು 3 ತೋರಿಸಿತು, ಮರುದಿನ ಆ ದ್ರಾವಣ ಲೋಳೆಯಂತೆ ಗಟ್ಟಿಯಾಗಿತ್ತು. ಉಳಿದ ಪುಡಿಯನ್ನು ಬಳಸಿದರೆ ಎಸ್ಟರ್ ವಾಸನೆಯೇ ಇಲ್ಲ. ತೊಂದರೆ ಎಲ್ಲಿ?

ಶ್ರೀಧರ_ಕೆ

ಆಮ್ಲ ತೀರಾ ಪ್ರಬಲವಾಯಿತು. ನಾವು ಮಾರ್ಡೆನೈಟ್ ಎಂಬ ಝಿಯೋಲೈಟ್ ಅನ್ನು ನೇರವಾಗಿ ಹೈಡ್ರೋಕ್ಲೋರಿಕ್ ಆಮ್ಲದಲ್ಲೇ ತೊಳೆದು ಆಮ್ಲ ರೂಪಕ್ಕೆ ತರುತ್ತೇವೆ, ಏನೂ ಆಗುವುದಿಲ್ಲ. 0.1 ಮೋಲಾರ್‌ಗೆ ಇಳಿಸಿ, ನಿಧಾನವಾಗಿ ಹನಿಹನಿಯಾಗಿ ಹಾಕಿ ನೋಡಿ.

ಬೋರ್‌ವೆಲ್_ನೀರು

ನನಗೂ ಇದೇ ಅನುಮಾನವಿತ್ತು. ಮನೆಯ ಕೊಳವೆಬಾವಿ ನೀರು ಬಹಳ ಗಡಸು. ಮೆದುಗೊಳಿಸುವ ಸಿಲಿಂಡರ್ ಹಾಕಿಸಿದ್ದೇವೆ, ಒಳಗೆ ಝಿಯೋಲೈಟ್ ಇದೆ ಎಂದು ಹೇಳಿದ್ದಾರೆ. ಈಗ ಕೊಳಾಯಿಯಲ್ಲಿ ಮತ್ತೆ ಬಿಳಿ ಕಲೆ ಕಾಣಿಸುತ್ತಿದೆ. ಶೌಚಾಲಯ ತೊಳೆಯುವ ಆಸಿಡ್ ಹಾಕಿ ಚೊಕ್ಕಟ ಮಾಡಬಹುದೇ?

ಜಾಲರಿ

ಮೊದಲು ಬೋರ್‌ವೆಲ್ ಅವರಿಗೆ: ದಯವಿಟ್ಟು ಆಸಿಡ್ ಹಾಕಬೇಡಿ. ಮೇಘನಾ ಅವರ ಪುಡಿಗೆ ಆದ ಗತಿಯೇ ನಿಮ್ಮ ಸಿಲಿಂಡರ್‌ಗೂ ಆಗಬಹುದು. ನಿಮಗೆ ಬೇಕಿರುವುದು ಉಪ್ಪುನೀರು. ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಸೋಡಿಯಂ ಕುಳಿತಿದ್ದ ಜಾಗವನ್ನು ಹಿಡಿದಿದೆ. ದಟ್ಟವಾದ ಉಪ್ಪಿನ ದ್ರಾವಣ ಹರಿಸಿದರೆ ಸೋಡಿಯಂ ಮತ್ತೆ ಅಲ್ಲಿಗೆ ಬರುತ್ತದೆ. ಇಂದಿನ ಬಹುಪಾಲು ಮನೆಬಳಕೆಯ ಸಿಲಿಂಡರ್‌ಗಳಲ್ಲಿ ಇರುವುದು ಪ್ಲಾಸ್ಟಿಕ್ ರಾಳದ ಮಣಿಗಳು. ಅದಕ್ಕೂ ಉಪ್ಪೇ ಮದ್ದು.

ಮೇಘನಾ ಅವರೇ, ನಿಮ್ಮ ಪಿಎಚ್ ಅಳತೆಯಲ್ಲೇ ಉತ್ತರವಿದೆ. ನೀರಿಲ್ಲದ 4ಎ ಪುಡಿಯ ವಿನಿಮಯ ಸಾಮರ್ಥ್ಯ ಗ್ರಾಂಗೆ ಸುಮಾರು 7 ಮಿಲಿಮೋಲ್. ಅಂದರೆ ನಿಮ್ಮ 10 ಗ್ರಾಂನಲ್ಲಿ ಇದ್ದದ್ದು ಹೆಚ್ಚೆಂದರೆ 70 ಮಿಲಿಮೋಲ್ ಸೋಡಿಯಂ. ನೀವು ಹಾಕಿದ್ದು 100 ಮಿಲಿಮೋಲ್ ಪ್ರೋಟಾನ್. ಪ್ರತಿಯೊಂದು ಸೋಡಿಯಂ ಜಾಗಕ್ಕೂ ಒಂದೊಂದು ಪ್ರೋಟಾನ್ ಹೋಗಿದ್ದರೂ 30 ಮಿಲಿಮೋಲ್ ದ್ರಾವಣದಲ್ಲೇ ಉಳಿದು, ಪಿಎಚ್ 0.5ರ ಆಸುಪಾಸು ಇರಬೇಕಿತ್ತು. 3 ಬಂದಿದೆ ಎಂದರೆ ಉಳಿದಿರುವುದು ಸುಮಾರು 0.1 ಮಿಲಿಮೋಲ್. ಬಾಕಿ ಆಮ್ಲವನ್ನು ತಿಂದದ್ದು ವಿನಿಮಯವಲ್ಲ, ಚೌಕಟ್ಟು:

```
NaAlSiO4 + 4HCl → NaCl + AlCl3 + Si(OH)4
```

ಒಂದು ಅಲ್ಯೂಮಿನಿಯಂ ಕರಗಲು ನಾಲ್ಕು ಪ್ರೋಟಾನ್ ಬೇಕು. ಕರಗಿದ ಸಿಲಿಸಿಕ್ ಆಮ್ಲವೇ ಮರುದಿನ ನೀವು ನೋಡಿದ ಲೋಳೆ. ಖಚಿತಪಡಿಸಿಕೊಳ್ಳಲು ಉಳಿದ ಪುಡಿಗೆ ಎಕ್ಸ್‌ರೇ ವಿವರ್ತನೆ ಮಾಡಿಸಿ. ತಾಮ್ರದ ಕಿರಣದಲ್ಲಿ 4ಎ ತನ್ನ ಮೊದಲ ಶಿಖರವನ್ನು 7.2 ಡಿಗ್ರಿಯಲ್ಲಿ ತೋರಿಸುತ್ತದೆ. ಅದು ಕುಗ್ಗಿ, 20ರಿಂದ 30 ಡಿಗ್ರಿಯ ನಡುವೆ ಅಗಲವಾದ ದಿಬ್ಬವೊಂದು ಎದ್ದಿದ್ದರೆ ಹರಳು ಹೋಗಿ ಕ್ರಮಬದ್ಧ ಜೋಡಣೆಯಿಲ್ಲದ ಸಿಲಿಕಾ ಉಳಿದಿದೆ ಎಂದು ಅರ್ಥ.

ಮೇಘನಾ_ರಸಾಯನ

ಧನ್ಯವಾದ ಸರ್. ಲೆಕ್ಕ ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ಆಮ್ಲ ತಾಣವನ್ನು ಕೊಡುವುದೇ ಅಲ್ಯೂಮಿನಿಯಂ ಅಲ್ಲವೇ? ಹಾಗಿದ್ದ ಮೇಲೆ ಅದು ಹೆಚ್ಚಿರುವ ವಸ್ತುವೇ ಆಮ್ಲಕ್ಕೆ ಏಕೆ ಸೋಲುತ್ತದೆ? ಶ್ರೀಧರ ಸರ್ ಅವರ ಮಾರ್ಡೆನೈಟ್ ಏಕೆ ಉಳಿಯುತ್ತದೆ?

ಜಾಲರಿ

ಬರೀ ಸಿಲಿಕಾದಿಂದ ಆರಂಭಿಸಿ. ಪ್ರತಿ ಸಿಲಿಕಾನ್ ನಾಲ್ಕು ಆಮ್ಲಜನಕಗಳನ್ನು ಹಿಡಿದಿದೆ, ಪ್ರತಿ ಆಮ್ಲಜನಕ ಎರಡು ಸಿಲಿಕಾನ್‌ಗಳ ನಡುವೆ ಹಂಚಿಹೋಗಿದೆ. ಲೆಕ್ಕ ಸೊನ್ನೆಗೆ ಸರಿಹೋಗುತ್ತದೆ. ಹೊರಗಿನಿಂದ ಯಾವ ಅಯಾನೂ ಬೇಕಿಲ್ಲ, ಹಾಗಾಗಿ ವಿನಿಮಯ ಸಾಮರ್ಥ್ಯವೂ ಇಲ್ಲ. ಅಂಚುಗಳಲ್ಲಿ ಸಿಲಿಕಾನ್‌ಗೆ ಅಂಟಿದ ಹೈಡ್ರಾಕ್ಸಿಲ್‌ಗಳು ಇರುತ್ತವೆ, ಆದರೆ ಅವು ದುರ್ಬಲ ಆಮ್ಲಗಳು. ಈಗ ಒಂದು ಸಿಲಿಕಾನ್ ಜಾಗದಲ್ಲಿ ಅಲ್ಯೂಮಿನಿಯಂ ಕೂರಿಸಿ. ಸಿಲಿಕಾನ್‌ನದು ನಾಲ್ಕು ಧನ, ಇದರದು ಮೂರೇ. ಸುತ್ತಲಿನ ನಾಲ್ಕು ಆಮ್ಲಜನಕಗಳು ಹಾಗೆಯೇ ಇವೆ. ಆದ್ದರಿಂದ ಆ ಜಾಗಕ್ಕೆ ಒಂದು ಋಣ ಆವೇಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ರಂಧ್ರದಲ್ಲಿ ಒಂದು ಸೋಡಿಯಂ ನಿಲ್ಲುತ್ತದೆ. ವಿನಿಮಯ ಸಾಮರ್ಥ್ಯವೆಂದರೆ ಈ ಅಲ್ಯೂಮಿನಿಯಂಗಳ ಎಣಿಕೆಯೇ.

ಸೋಡಿಯಂ ಬದಲು ಪ್ರೋಟಾನ್ ಬಂದರೆ ಅದು ರಂಧ್ರದಲ್ಲಿ ತೇಲುತ್ತಾ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ನಡುವಿನ ಆಮ್ಲಜನಕಕ್ಕೆ ಬಂಧಿಯಾಗಿ Si–OH–Al ಸೇತುವೆಯಾಗುತ್ತದೆ. ಆ ಆಮ್ಲಜನಕ ಈಗ ಮೂವರಿಗೆ ಹಂಚಿಹೋಗಿದೆ, ಅಲ್ಯೂಮಿನಿಯಂ ಕಡೆಯ ಬಂಧವೂ ಉದ್ದವಾಗಿ ಸಡಿಲವಾಗಿದೆ. ಪ್ರೋಟಾನ್ ಬಿಟ್ಟುಹೋದರೆ ಉಳಿಯುವ ಋಣ ಆವೇಶ ಚೌಕಟ್ಟಿನ ಹಲವು ಆಮ್ಲಜನಕಗಳಿಗೆ ಹರಡಿಕೊಳ್ಳುತ್ತದೆ. ಆದ್ದರಿಂದಲೇ ಇದು ಪ್ರಬಲ ಆಮ್ಲ.

ನಿಮ್ಮ ಪ್ರಶ್ನೆಯ ಉತ್ತರವೂ ಅದೇ ಸಡಿಲ ಬಂಧದಲ್ಲಿದೆ. ನೀರು ಮತ್ತು ಹೆಚ್ಚುವರಿ ಪ್ರೋಟಾನ್ ಇದ್ದರೆ ಆ ಬಂಧಗಳು ಒಂದೊಂದಾಗಿ ಕಡಿದು ಅಲ್ಯೂಮಿನಿಯಂ ಹೊರಬರುತ್ತದೆ. ಎರಡು ಅಲ್ಯೂಮಿನಿಯಂಗಳು ಒಂದೇ ಆಮ್ಲಜನಕದ ಎರಡು ಬದಿ ಕೂರುವುದಿಲ್ಲ ಎಂಬ ನಿಯಮವನ್ನು ಲೋವೆನ್‌ಸ್ಟೈನ್ 1954ರಲ್ಲಿ ಹೇಳಿದ್ದರು. ಹಾಗಾಗಿ 4ಎಯಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಕಟ್ಟುನಿಟ್ಟಾಗಿ ಒಂದು ಬಿಟ್ಟು ಒಂದು ಬರುತ್ತವೆ. ಪ್ರತಿ ಸಿಲಿಕಾನ್‌ನ ನಾಲ್ಕು ನೆರೆಯೂ ಅಲ್ಯೂಮಿನಿಯಂ. ನಾಲ್ಕೂ ಹೋದರೆ ಸಿಲಿಕಾನ್ ಅನ್ನು ಹಿಡಿದಿಡಲು ಯಾರೂ ಇಲ್ಲ, ಅದು ಸಿಲಿಸಿಕ್ ಆಮ್ಲವಾಗಿ ನೀರಿಗೆ ಬೀಳುತ್ತದೆ. ಮಾರ್ಡೆನೈಟ್‌ನಲ್ಲಿ ಒಂದು ಅಲ್ಯೂಮಿನಿಯಂಗೆ ಸಾಮಾನ್ಯವಾಗಿ ಐದು ಸಿಲಿಕಾನ್‌ಗಳಿವೆ. ಅಲ್ಯೂಮಿನಿಯಂ ಕಳಚಿದರೆ ಒಂದು ಹಳ್ಳ ಉಳಿಯುತ್ತದೆ, ಸುತ್ತಲಿನ ಸಿಲಿಕಾನ್‌ಗಳು ಪರಸ್ಪರ ಹಿಡಿದುಕೊಂಡು ಗೋಡೆಯನ್ನು ನಿಲ್ಲಿಸುತ್ತವೆ. ಶ್ರೀಧರ ಅವರ ಅನುಭವ ಸರಿ, ಆದರೆ ಅದು 4ಎಗೆ ಅನ್ವಯಿಸದು. 0.1 ಮೋಲಾರ್ ಆದರೂ ಒಟ್ಟು ಪ್ರೋಟಾನ್ ಸಾಕಷ್ಟಿದ್ದರೆ ಅದು ಕರಗುತ್ತದೆ, ನಿಧಾನವಾಗಿ ಅಷ್ಟೆ.

ಶ್ರೀಧರ_ಕೆ

ಒಪ್ಪಿದೆ. ಹಾಗಾದರೆ ಅಮೋನಿಯಂ ಲವಣದ ಮೂಲಕ ಹೋಗಲಿ. 4ಎಯನ್ನು ಅಮೋನಿಯಂ ರೂಪಕ್ಕೆ ತಂದು ಕಾಯಿಸಿದರೆ ಅಮೋನಿಯಾ ಹಾರಿಹೋಗಿ ಪ್ರೋಟಾನ್ ಉಳಿಯುತ್ತದೆ. ದ್ರಾವಣದಲ್ಲಿ ಆಮ್ಲವೇ ಇರುವುದಿಲ್ಲವಲ್ಲ.

ಜಾಲರಿ

ವಿಧಾನ ಸರಿಯಾದದ್ದು, ವಸ್ತು ತಪ್ಪು. ಅಮೋನಿಯಂ 4ಎ ಸಿಗುತ್ತದೆ, ಆದರೆ ಕಾಯಿಸಿ ಅಮೋನಿಯಾ ತೆಗೆದ ಕೂಡಲೇ ಹರಳು ಕುಸಿಯುತ್ತದೆ. ಅಷ್ಟೊಂದು ಸೇತುವೆ ಪ್ರೋಟಾನ್‌ಗಳನ್ನು ಆ ಚೌಕಟ್ಟು ತಾಳುವುದಿಲ್ಲ. ಒಂದು ವೇಳೆ ತಾಳಿದರೂ ಅದರ ರಂಧ್ರದ ಕಿಟಕಿ ಸುಮಾರು 4 ಆಂಗ್‌ಸ್ಟ್ರಾಂ. ಎಥನಾಲ್ ಒಳಗೆ ಹೋದೀತು, ಈಥೈಲ್ ಅಸಿಟೇಟ್ ಹೊರಬರಲಾರದು. ಆದ್ದರಿಂದ 4ಎಯನ್ನು ಕೈಬಿಡಿ, ಸೋಡಿಯಂ ವೈ ಝಿಯೋಲೈಟ್ ತೆಗೆದುಕೊಳ್ಳಿ. ಅದರಲ್ಲಿ ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 2.5ರಷ್ಟು, ಕಿಟಕಿ 7.4 ಆಂಗ್‌ಸ್ಟ್ರಾಂ. ಆದರೆ ವೈಯನ್ನೂ ನೇರವಾಗಿ ಆಮ್ಲಕ್ಕೆ ಹಾಕಬೇಡಿ.

5 ಗ್ರಾಂ ಪುಡಿಯನ್ನು 1 ಮೋಲಾರ್ ಅಮೋನಿಯಂ ಕ್ಲೋರೈಡ್‌ನ 100 ಮಿಲಿಲೀಟರ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಲಕಿ, ಸೋಸಿ, ಹೊಸ ದ್ರಾವಣದಲ್ಲಿ ಮತ್ತೆರಡು ಬಾರಿ ಹಾಗೆಯೇ ಮಾಡಿ. ಅಮೋನಿಯಂ ನೈಟ್ರೇಟ್ ಎಂದು ಬರೆದಿರುವ ವಿಧಾನಗಳೇ ಹೆಚ್ಚು, ಆದರೆ ಅದರ ಖರೀದಿ, ದಾಸ್ತಾನಿಗೆ ನಮ್ಮಲ್ಲಿ 2012ರ ನಿಯಮಗಳ ನಿರ್ಬಂಧವಿದೆ. ಕ್ಲೋರೈಡ್ ಸಾಕು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಬಿಳಿ ಮಬ್ಬು ಬಾರದ ತನಕ ತೊಳೆಯಿರಿ. ಒಣಗಿಸಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 450 ಡಿಗ್ರಿಗೆ ಒಯ್ಯಿರಿ. ಮೂಸೆಯಲ್ಲಿ ರಾಶಿ ಹಾಕಿದರೆ ಹೊರಬರುವ ಹಬೆ ಪುಡಿಯೊಳಗೇ ಸಿಕ್ಕಿಕೊಂಡು ಅಲ್ಯೂಮಿನಿಯಂ ಅನ್ನು ಕೀಳುತ್ತದೆ.

ಅನಘ_ಪಿ

ನನ್ನ ತೊಂದರೆ ಸ್ವಲ್ಪ ಬೇರೆ, ಆದರೆ ಇಲ್ಲೇ ಕೇಳುತ್ತೇನೆ. ಝಡ್‌ಎಸ್‌ಎಂ-5 ಎಂಬ ಝಿಯೋಲೈಟ್ ಡಬ್ಬದ ಮೇಲೆ ಅನುಪಾತ 30 ಎಂದಿತ್ತು. ಅದರಂತೆ ಗ್ರಾಂಗೆ 0.54 ಮಿಲಿಮೋಲ್ ಆಮ್ಲ ತಾಣ ಬರಬೇಕು. ಅಮೋನಿಯಾ ಹೀರಿಸಿ ಬಿಡಿಸಿದಾಗ 1ಕ್ಕೆ ಹತ್ತಿರ ಬರುತ್ತಿದೆ. ಅಲ್ಯೂಮಿನಿಯಂಗಿಂತ ಆಮ್ಲ ತಾಣ ಹೆಚ್ಚಿರಲು ಸಾಧ್ಯವೇ? ಗೋಡೆಗೆ ಸಡಿಲವಾಗಿ ಅಂಟಿದ ಅಮೋನಿಯಾ ಇರಬಹುದೆಂದು ನಮ್ಮ ಗೈಡ್ ಹೇಳುತ್ತಾರೆ.

ಜಾಲರಿ

ಡಬ್ಬದ ಅನುಪಾತ ಸಿಲಿಕಾ ಮತ್ತು ಅಲ್ಯೂಮಿನಾದ್ದೇ ಎಂದು ನೋಡಿ. ಸಾಮಾನ್ಯವಾಗಿ ಮಾರಾಟಗಾರರು ಅದನ್ನೇ ಮುದ್ರಿಸುತ್ತಾರೆ. Al2O3ಯಲ್ಲಿ ಎರಡು ಅಲ್ಯೂಮಿನಿಯಂ ಇರುವುದರಿಂದ ನಿಮ್ಮ ನಿಜವಾದ ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 15. ಲೆಕ್ಕವನ್ನು ಸುಲಭಗೊಳಿಸುವ ಒಂದು ಸಂಗತಿ ಇಲ್ಲಿದೆ: SiO2ನ ತೂಕವೂ HAlO2ನ ತೂಕವೂ ಹೆಚ್ಚುಕಡಿಮೆ 60. ಹಾಗಾಗಿ 1000 ಅನ್ನು 60ರಿಂದಲೂ, ಅನುಪಾತಕ್ಕೆ ಒಂದು ಕೂಡಿಸಿ ಬಂದ 16ರಿಂದಲೂ ಭಾಗಿಸಿ. 1.04 ಬರುತ್ತದೆ. ನಿಮ್ಮ ಅಳತೆ ಸರಿಯಾಗಿಯೇ ಇದೆ. ಗೈಡ್ ಹೇಳಿದ ಸಡಿಲ ಅಮೋನಿಯಾ ನಿಜವಾದ ವಿಷಯವೇ, ಆದರೆ ಅದು 200 ಡಿಗ್ರಿಯ ಆಸುಪಾಸಿನ ಮೊದಲ ಶಿಖರದಲ್ಲಿ ಬೀಳುತ್ತದೆ. 1 ಎಂಬುದು ಎರಡೂ ಶಿಖರಗಳ ಮೊತ್ತವೇ, ಎರಡನೆಯದೊಂದೇ ಎಂದು ನೀವು ಹೇಳಿಲ್ಲ.

ಅನಘ_ಪಿ

ಮೊತ್ತ. ಎರಡನೆಯದೊಂದೇ ತೆಗೆದುಕೊಂಡರೆ 0.7ರಷ್ಟು.

ಜಾಲರಿ

ಹಾಗಾದರೆ ಎಣಿಕೆ ಇನ್ನೂ ಮುಗಿದಿಲ್ಲ. ಸೋಡಿಯಂ ಉಳಿದಿರಬಹುದು, ಇಲ್ಲವೇ ಒಂದಷ್ಟು ಅಲ್ಯೂಮಿನಿಯಂ ಚೌಕಟ್ಟಿನಿಂದ ಹೊರಬಂದಿರಬಹುದು. ಅಲ್ಯೂಮಿನಿಯಂ ಎನ್‌ಎಂಆರ್ ಮಾಡಿಸುವ ಅವಕಾಶವಿದ್ದರೆ ನೋಡಿ. ಚೌಕಟ್ಟಿನೊಳಗಿನದು 55 ಪಿಪಿಎಂ ಹತ್ತಿರ, ಹೊರಬಂದದ್ದು ಸೊನ್ನೆಯ ಹತ್ತಿರ ಕಾಣುತ್ತದೆ.

ಶ್ರೀಧರ_ಕೆ

ಮೇಘನಾ ಅವರಿಗೂ ಝಡ್‌ಎಸ್‌ಎಂ-5 ಉತ್ತಮವಲ್ಲವೇ? ತಾಣಗಳು ವೈಗಿಂತ ಕಡಿಮೆ, ಆದರೆ ಅಲ್ಯೂಮಿನಿಯಂಗಳು ದೂರದೂರ ಇರುವುದರಿಂದ ಒಂದೊಂದೂ ಹೆಚ್ಚು ಪ್ರಬಲ. ಎಸ್ಟರ್ ಕ್ರಿಯೆಯಲ್ಲಿ ನೀರು ಹುಟ್ಟುತ್ತದೆ. ಅಲ್ಯೂಮಿನಿಯಂ ಹೆಚ್ಚಿರುವ ವೈ ನೀರನ್ನು ಹೀರಿ ತಾಣಗಳನ್ನು ಮುಚ್ಚಿಕೊಳ್ಳುತ್ತದೆ.

ಜಾಲರಿ

ನೀರಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ರಾಬಲ್ಯದ ಮಾತಿನಲ್ಲಿ ಒಂದಿಷ್ಟು ತಕರಾರಿದೆ. ಪಕ್ಕದಲ್ಲಿ ಅಲ್ಯೂಮಿನಿಯಂ ಕಡಿಮೆಯಾದಂತೆ ತಾಣ ಪ್ರಬಲವಾಗುವುದು ವೈ ಒಳಗೇ ಹೋಲಿಸಿದರೆ ನಿಜ. ಆದರೆ ದೂರದೂರ ಇರುವ ತಾಣಗಳನ್ನು ಬೇರೆ ಬೇರೆ ಚೌಕಟ್ಟುಗಳ ನಡುವೆ ಹೋಲಿಸಿದಾಗ, ಕಾಣುವ ವ್ಯತ್ಯಾಸ ಪ್ರೋಟಾನ್‌ನದಲ್ಲ, ಅಣುವನ್ನು ರಂಧ್ರ ಎಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ ಎಂಬುದರದು ಎಂದು ಹಲವರು ವಾದಿಸುತ್ತಾರೆ. ನನಗೆ ಆ ವಾದವೇ ಹೆಚ್ಚು ಸರಿ ಎನ್ನಿಸುತ್ತದೆ.

ಶ್ರೀಧರ_ಕೆ

ನನಗೆ ಎನ್ನಿಸುವುದಿಲ್ಲ. ಅಮೋನಿಯಾ ಬಿಡುವ ತಾಪಮಾನ ಬೇರೆಯಾಗುವುದನ್ನು ಹೇಗೆ ವಿವರಿಸುತ್ತೀರಿ?

ಜಾಲರಿ

ಆ ತಾಪಮಾನ ಪುಡಿಯ ಪ್ರಮಾಣ, ಅನಿಲದ ವೇಗ, ತಾಣಗಳ ಎಣಿಕೆ ಇವುಗಳಿಂದಲೂ ಸರಿಯುತ್ತದೆ. ಬಿಟ್ಟ ಅಮೋನಿಯಾ ಹೊರಹೋಗುವ ದಾರಿಯಲ್ಲಿ ಮತ್ತೆ ಮತ್ತೆ ಅಂಟಿಕೊಳ್ಳುತ್ತದೆ. ಅದನ್ನೊಂದನ್ನೇ ನಂಬಿ ಪ್ರಾಬಲ್ಯವನ್ನು ನಾನು ಹೇಳಲಾರೆ.

ಮೇಘನಾ_ರಸಾಯನ

ಸೋಡಿಯಂ ವೈ ನಮ್ಮ ವಿಭಾಗದಲ್ಲಿದೆ, ಅದರಿಂದಲೇ ಆರಂಭಿಸುತ್ತೇನೆ. ಝಡ್‌ಎಸ್‌ಎಂ-5 ಕೂಡ ಕೇಳುತ್ತೇನೆ. ವಿನಿಮಯ ಪೂರ್ತಿಯಾಯಿತೇ ಎಂದು ತಿಳಿಯಲು ಫ್ಲೇಮ್ ಫೋಟೋಮೀಟರ್ ಸಾಕೇ?

ಜಾಲರಿ

ಧಾರಾಳವಾಗಿ ಸಾಕು. ಪ್ರತಿ ಬಾರಿ ಸೋಸಿದ ದ್ರಾವಣವನ್ನು ಚೆಲ್ಲದೆ ಬೇರೆ ಬೇರೆ ಸೀಸೆಯಲ್ಲಿಡಿ, ಅವುಗಳ ಸೋಡಿಯಂ ಕೂಡಿಸಿ. ತೇವ ಹೀರಿದ ಸೋಡಿಯಂ ವೈಯಲ್ಲಿ ಕಾಲುಭಾಗದಷ್ಟು ನೀರೇ ಇರುತ್ತದೆ, ಹಾಗಾಗಿ ನಿಮ್ಮ 5 ಗ್ರಾಂನಿಂದ ಒಟ್ಟು ಬರಬೇಕಾದದ್ದು ಸುಮಾರು 16 ಮಿಲಿಮೋಲ್. ಮೊದಲ ಸುತ್ತುಗಳಲ್ಲಿ ಅದರ ಮುಕ್ಕಾಲಿನ ಹತ್ತಿರ ಬಂದು ನಿಂತರೆ ಗಾಬರಿ ಬೇಡ. ಉಳಿದ ಸೋಡಿಯಂ ಚಿಕ್ಕ ಪಂಜರಗಳಲ್ಲಿ, ಷಟ್ಕೋನ ಕಂಬಗಳಲ್ಲಿ ಕುಳಿತಿದೆ, ಅಮೋನಿಯಂ ಅಲ್ಲಿಗೆ ಸುಲಭವಾಗಿ ಹೋಗದು. ಒಮ್ಮೆ 300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಅವು ದೊಡ್ಡ ಪಂಜರದ ಕಡೆಗೆ ಸರಿಯುತ್ತವೆ, ಆಮೇಲೆ ಮತ್ತೆ ವಿನಿಮಯ ಮಾಡಿ. ಎಸ್ಟರ್ ಕ್ರಿಯೆಗೆ ಆ ಕೊನೆಯ ಕಾಲುಭಾಗ ಬೇಕೇ ಬೇಕೆಂದಿಲ್ಲ. ಮೊದಲು ಮುಕ್ಕಾಲು ವಿನಿಮಯದ ಪುಡಿಯನ್ನೇ ಕಾಯಿಸಿ, 450 ಡಿಗ್ರಿಯ ನಂತರವೂ ಎಕ್ಸ್‌ರೇಯಲ್ಲಿ 6.2 ಡಿಗ್ರಿಯ ಶಿಖರ ನಿಂತಿದೆಯೇ ನೋಡಿ, ಫಲಿತಾಂಶ ಇಲ್ಲಿ ಹಾಕಿ.

ಬೋರ್‌ವೆಲ್_ನೀರು

ಉಪ್ಪುನೀರು ಹರಿಸಿದೆ, ಬಿಳಿ ಕಲೆ ಕಡಿಮೆಯಾಗಿದೆ. ಆದರೆ ನೀರು ಸ್ವಲ್ಪ ಉಪ್ಪಾಗಿದೆ.

ಜಾಲರಿ

ಇನ್ನಷ್ಟು ಹೊತ್ತು ಸಾದಾ ನೀರು ಹರಿಸಿ ಚೆಲ್ಲಿ, ಉಪ್ಪಿನ ರುಚಿ ಹೋಗುತ್ತದೆ.