ಹನ್ನೊಂದು ವಿಭಾಗಗಳ ಆ್ಯಪ್: ಕೆಳಗಿನ ಪಟ್ಟಿಯೋ, ಪಕ್ಕದ ಮೆನುವೋ?

ಗಂಜ್ ರಸ್ತೆ (ಕಲಬುರಗಿ): ತೊಗರಿ ಬೆಳೆಗಾರರ ಗುಂಪೊಂದಕ್ಕೆ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ದರ, ಹವಾಮಾನ, ಕೀಟ-ರೋಗ, ನನ್ನ ಪಾವತಿ, ಬೀಜ, ಗೊಬ್ಬರ, ಬೆಳೆ ವಿಮೆ, ಸಭೆ, ಗೋದಾಮು, ದೂರು, ಸೆಟ್ಟಿಂಗ್ಸ್ ಎಂದು ಹನ್ನೊಂದು ವಿಭಾಗಗಳಿವೆ. ಈಗ ಎಲ್ಲವೂ ಮೂರು ಗೆರೆಯ ಗುರುತಿನ ಹಿಂದೆ, ಎಡಗಡೆಯಿಂದ ಜಾರಿ ಬರುವ ಮೆನುವಿನಲ್ಲಿವೆ. ಕೆಳಗೆ ಟ್ಯಾಬ್ ಪಟ್ಟಿ ಹಾಕಬೇಕೇ? ಹನ್ನೊಂದನ್ನು ಅಲ್ಲಿ ಹೇಗೆ ಹಿಡಿಸುವುದು?

ಹುಮನಾಬಾದಿನವನು: ಪಕ್ಕದ ಮೆನುವನ್ನು ಇಂದೇ ತೆಗೆದುಹಾಕಿ ಅಣ್ಣ. ಮೂರು ಗೆರೆ ಇರುವುದು ಎಡ ಮೇಲ್ತುದಿಯಲ್ಲಿ, ಬಲಗೈ ಹೆಬ್ಬೆರಳು ಅಲ್ಲಿಗೆ ತಲುಪುವುದಿಲ್ಲ. ಕೆಳಗಿನ ಪಟ್ಟಿಯನ್ನು ಅಡ್ಡಡ್ಡ ಸರಿಯುವಂತೆ ಮಾಡಿದರೆ ಹನ್ನೊಂದೂ ಹಿಡಿಯುತ್ತವೆ.

ಬಿದರಿ ಕುಸುರಿ (ಬೀದರ್): ಮೆನುವನ್ನು ಹಿಂದಕ್ಕೆ ಸರಿಸಬೇಕು ಎಂಬುದು ಸರಿ. ಆದರೆ ಕಾರಣ ಹೆಬ್ಬೆರಳಲ್ಲ. ನಾನು ನೋಡಿದ ರೈತರಲ್ಲಿ ಹೆಚ್ಚಿನವರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯ ತೋರುಬೆರಳಿನಿಂದ ಒತ್ತುತ್ತಾರೆ. ಅವರಿಗೆ ಮೇಲ್ತುದಿಯೂ ದೂರವಲ್ಲ. ಕಣ್ಣಿಗೆ ಕಾಣದ್ದು ಅವರ ಪಾಲಿಗೆ ಇಲ್ಲವೇ ಇಲ್ಲ, ಅದು ನಿಜವಾದ ತೊಂದರೆ. ಸರಿಯುವ ಪಟ್ಟಿಯಲ್ಲೂ ಅದೇ ಆಗುತ್ತದೆ. ಆರನೆಯ ವಿಭಾಗ ಪರದೆಯ ಆಚೆ ಇದ್ದರೆ ಅದೂ ಬಚ್ಚಿಟ್ಟ ಮೆನುವೇ.

ಆ್ಯಪ್ ಮಾಡುತ್ತಿರುವವರಿಗೆ ಒಂದು ಪ್ರಶ್ನೆ: ಆ್ಯಪ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂಬ ದೂರು ಬಂದಿದೆಯೇ?

ಗಂಜ್ ರಸ್ತೆ: ಬಂದಿದೆ ಅಕ್ಕ! ಸೇಡಂ ಕಡೆಯ ಮೂವರು ಕರೆ ಮಾಡಿ ಹೇಳಿದರು. ನಾನು ಎರಡು ದಿನ ಕೋಡ್‌ನಲ್ಲಿ ದೋಷ ಹುಡುಕಿದೆ, ಏನೂ ಸಿಗಲಿಲ್ಲ.

ಬಿದರಿ ಕುಸುರಿ: ಕೋಡ್‌ನಲ್ಲಿ ಸಿಗುವುದಿಲ್ಲ. ಆಂಡ್ರಾಯ್ಡ್ 10ರಿಂದ ಪರದೆಯ ಎಡ ಅಥವಾ ಬಲ ಅಂಚಿನಿಂದ ಬೆರಳು ಎಳೆದರೆ ಹಿಂದಿನ ಪುಟಕ್ಕೆ ಹೋಗುವ ವ್ಯವಸ್ಥೆ ಬಂದಿತು. ನಿಮ್ಮ ಮೆನುವೂ ಎಡ ಅಂಚಿನಿಂದ ಎಳೆದರೆ ತೆರೆಯುತ್ತದೆ. ಬೆರಳು ಒಂದೇ, ಅರ್ಥ ಎರಡು. ಮೊದಲ ಪುಟದಲ್ಲಿ ನಿಂತವರು ಮೆನು ಬರಲಿ ಎಂದು ಎಳೆಯುತ್ತಾರೆ, ಫೋನ್ ಅದನ್ನು ಹಿಂದೆ ಹೋಗು ಎಂದು ಓದುತ್ತದೆ. ಹಿಂದೆ ಪುಟವೇ ಇಲ್ಲ, ಆದ್ದರಿಂದ ಆ್ಯಪ್‌ನಿಂದ ಹೊರಗೆ. ಕೆಳಗೆ ಮೂರು ಗುಂಡಿಗಳಿರುವ ಹಳೆಯ ಬಗೆಯನ್ನೇ ಇಟ್ಟುಕೊಂಡವರಿಗೆ ಹೀಗಾಗುವುದಿಲ್ಲ. ದೂರು ಕೆಲವರಿಂದ ಮಾತ್ರ ಬಂದದ್ದು ಅದಕ್ಕೇ. ಆ ಮೂವರ ಫೋನ್‌ನಲ್ಲಿ ಗುಂಡಿಗಳಿವೆಯೇ, ಇಲ್ಲವೇ ಎಂದು ಕೇಳಿ ನೋಡಿ, ಗೊತ್ತಾಗುತ್ತದೆ.

ಹುಮನಾಬಾದಿನವನು: ಆ ಅಂಚನ್ನು ನಮಗೆ ಬಿಟ್ಟುಕೊಡು ಎಂದು ಫೋನ್‌ಗೆ ಹೇಳುವ ದಾರಿ ಇದೆಯಲ್ಲವೇ?

ಬಿದರಿ ಕುಸುರಿ: ಇದೆ, ಆದರೆ ಒಂದೊಂದು ಅಂಚಿನಲ್ಲಿ, ಆಂಡ್ರಾಯ್ಡ್ ಪರದೆಯನ್ನು ಅಳೆಯುವ ಡಿಪಿ ಎಂಬ ಮಾನದಲ್ಲಿ, 200ರಷ್ಟು ಎತ್ತರದ ಜಾಗಕ್ಕೆ ಮಾತ್ರ. ಮೆನು ಇಡೀ ಅಂಚನ್ನು ಕೇಳುತ್ತದೆ. ಸ್ವಲ್ಪ ಮೇಲೆ ಎಳೆದರೆ ಮೆನು, ಸ್ವಲ್ಪ ಕೆಳಗೆ ಎಳೆದರೆ ಹೊರಗೆ ಎಂದಾದರೆ ಮೊದಲಿಗಿಂತ ಹೆಚ್ಚು ಗೊಂದಲ. ಮೆನು ಉಳಿಸಿಕೊಳ್ಳುವುದಾದರೆ ಅದು ಗುಂಡಿ ಒತ್ತಿದಾಗ ಮಾತ್ರ ತೆರೆಯಲಿ.

ಶಹಾಪುರದ ಮೇಷ್ಟ್ರು (ಯಾದಗಿರಿ): ನಮ್ಮ ಶಾಲೆಗೆ ಕೊಟ್ಟ ಟ್ಯಾಬ್ 10 ಇಂಚಿನದು. ಟ್ಯಾಬ್ ಕೆಳಗಿದ್ದರೆ ಮಕ್ಕಳು ಹೇಗೆ ಹಿಡಿಯಬೇಕು ಎಂದು ಯೋಚಿಸಿದೆ. ಆಮೇಲೆ ತಿಳಿಯಿತು, ನೀವು ಹೇಳುತ್ತಿರುವುದು ಪರದೆಯ ಕೆಳಗಿನ ಗುಂಡಿಗಳನ್ನು. ಆದರೂ ನನ್ನ ಅನುಭವ ಹೇಳುತ್ತೇನೆ. ನಾವು ಬಳಸುವ ಪಾಠದ ಆ್ಯಪ್‌ನಲ್ಲಿ ಈ ಪಟ್ಟಿ ಕೆಳಗೇ ಇದೆ. ಟ್ಯಾಬನ್ನು ಅಡ್ಡ ಹಿಡಿದಾಗ ಮೊದಲೇ ಕಡಿಮೆಯಿರುವ ಎತ್ತರವನ್ನು ಅದು ಇನ್ನಷ್ಟು ತಿನ್ನುತ್ತದೆ, ಇತ್ತ ಎಡಬಲದಲ್ಲಿ ಜಾಗ ಖಾಲಿ ಬಿದ್ದಿರುತ್ತದೆ.

ಬಿದರಿ ಕುಸುರಿ: ನಿಮ್ಮ ಮಾತು ಇಲ್ಲಿಗೂ ಸಲ್ಲುತ್ತದೆ ಸರ್. ಅಗಲ ಪರದೆಯಲ್ಲಿ ಅದೇ ಗುಂಡಿಗಳನ್ನು ಎಡ ಬದಿಯಲ್ಲಿ ಉದ್ದಕ್ಕೆ, ಸದಾ ಕಾಣುವಂತೆ ನಿಲ್ಲಿಸಬೇಕು.

ಇನ್ನು ಹನ್ನೊಂದರ ಲೆಕ್ಕ. ಆಂಡ್ರಾಯ್ಡ್‌ನ ಸಿದ್ಧ ಕೆಳಪಟ್ಟಿ ಇರುವುದೇ ಮೂರರಿಂದ ಐದು ಗುಂಡಿಗಳಿಗೆ. ಈ ಮಿತಿ ಬಂದದ್ದು ಅಗಲದಿಂದ. ಸಾಮಾನ್ಯ ಫೋನಿನ ಪರದೆ ಸುಮಾರು 360 ಡಿಪಿ ಅಗಲ, ಐದು ಪಾಲು ಮಾಡಿದರೆ ಒಂದಕ್ಕೆ 72. ಅಷ್ಟರಲ್ಲಿ 'ಮಾರುಕಟ್ಟೆ ದರ' ಹಿಡಿಯುವುದಿಲ್ಲ, 'ದರ' ಹಿಡಿಯುತ್ತದೆ. ಹಿರಿಯರು ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ, ಆಗ 'ಹವಾಮಾನ' ಕೂಡ ಇಕ್ಕಟ್ಟು. ಪಟ್ಟಿಯ ಎತ್ತರ ಬಿಗಿಯಾಗಿದ್ದರೆ 'ಕ್ಕ', 'ಟ್ಟ' ಇರುವ ಪದಗಳಲ್ಲಿ ಒತ್ತಕ್ಷರದ ತಳವೇ ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್ ಪದ ಹಾಕಿ ಪರೀಕ್ಷಿಸಿದವರಿಗೆ ಇದು ಕಾಣಿಸುವುದೇ ಇಲ್ಲ. ಅತಿ ದೊಡ್ಡ ಅಕ್ಷರ ಇಟ್ಟು, ಕನ್ನಡದಲ್ಲೇ ನೋಡಿ.

ಇನ್ನೊಂದು ಬಲೆ: ನಾಲ್ಕು ಅಥವಾ ಐದು ಗುಂಡಿಗಳಾದರೆ ಆ ಪಟ್ಟಿ ತಾನಾಗಿಯೇ ಹೆಸರುಗಳನ್ನು ಅಡಗಿಸಿ, ಆಯ್ದ ಗುಂಡಿಯ ಹೆಸರನ್ನಷ್ಟೇ ತೋರಿಸುತ್ತದೆ. ಚೀಲದ ಚಿತ್ರ ಕಂಡರೆ ಅದು ಬೀಜವೋ, ಗೊಬ್ಬರವೋ, ಗೋದಾಮೋ? ಈ ಒಂದು ಸಾಲು ಸೇರಿಸಿ:

```xml
app:labelVisibilityMode="labeled"
```

ನಾನಾಗಿದ್ದರೆ ದರ, ಹವಾಮಾನ, ಕೀಟ-ರೋಗ, ಪಾವತಿ ಈ ನಾಲ್ಕನ್ನು ಕೆಳಗಿಟ್ಟು, ಐದನೆಯದಾಗಿ 'ಇನ್ನಷ್ಟು' ಇಡುತ್ತಿದ್ದೆ. ಅದನ್ನು ಒತ್ತಿದರೆ ಉಳಿದ ಏಳೂ ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಕಾಣಬೇಕು. ಅಲ್ಲಿಂದ ವಿಮೆಯ ಪುಟಕ್ಕೆ ಹೋದಾಗಲೂ ಕೆಳಗಿನ 'ಇನ್ನಷ್ಟು' ಆಯ್ದಂತೆಯೇ ಉಳಿಯಲಿ, ಇಲ್ಲದಿದ್ದರೆ ಎಲ್ಲಿದ್ದೇನೆ ಎಂಬುದು ಜನರಿಗೆ ತಿಳಿಯುವುದಿಲ್ಲ.

ಆಳಂದದ ರೈತ: ನಾನು ಆ್ಯಪ್ ಮಾಡುವವನಲ್ಲ, ಬಳಸುವವನು. ನೀವು ಹೇಳಿದ ನಾಲ್ಕು ವರ್ಷವಿಡೀ ಬೇಕಾಗುವವಲ್ಲ ಅಕ್ಕ. ಜೂನ್‌ನಲ್ಲಿ ನನಗೆ ಬೀಜ ಬೇಕು, ಜುಲೈನಲ್ಲಿ ವಿಮೆ. ತೊಗರಿ ಹೂ ಬಿಟ್ಟಾಗ ಕಾಯಿಕೊರಕದ ಚಿಂತೆ. ರಾಶಿ ಮುಗಿದ ಮೇಲೆ ದಿನಕ್ಕೆ ನಾಲ್ಕು ಸಲ ದರ ನೋಡುತ್ತೇನೆ. ಜೂನ್‌ನಲ್ಲಿ ದರದ ಪುಟ ನನಗೆ ಯಾಕೆ?

ಹುಮನಾಬಾದಿನವನು: ಹಾಗಿದ್ದರೆ ಹಂಗಾಮಿಗೆ ತಕ್ಕಂತೆ ಗುಂಡಿಗಳನ್ನೇ ಬದಲಿಸಿ. ಜೂನ್‌ನಲ್ಲಿ ಬೀಜ ಕೆಳಗೆ, ಜನವರಿಯಲ್ಲಿ ದರ ಕೆಳಗೆ.

ಬಿದರಿ ಕುಸುರಿ: ಅದನ್ನು ಮಾತ್ರ ಮಾಡಬೇಡಿ. ಆರು ತಿಂಗಳಲ್ಲಿ ಬೆರಳು ಜಾಗವನ್ನು ಕಲಿತಿರುತ್ತದೆ. ಓದಲು ಬಾರದವರು ಎಡಗಡೆಯಿಂದ ಎರಡನೆಯದು ಎಂದೇ ನೆನಪಿಟ್ಟಿರುತ್ತಾರೆ. ಗುಂಡಿ ಕದಲಿದ ದಿನ ಅವರು ಮತ್ತೆ ಮೊದಲಿನಿಂದ ಕಲಿಯಬೇಕು.

ಆದರೆ ಆಳಂದದ ಅಣ್ಣನವರ ಮಾತು ನನ್ನ ಪಟ್ಟಿಯನ್ನು ಬದಲಿಸಿತು. ಮೊದಲ ಗುಂಡಿ 'ಮನೆ' ಆಗಲಿ. ಆ ಪುಟದ ಮೇಲ್ಭಾಗದಲ್ಲಿ ಈ ತಿಂಗಳಿನ ಕೆಲಸ ಬರಲಿ: ಜೂನ್‌ನಲ್ಲಿ ಬೀಜದ ದಾಸ್ತಾನು, ಜುಲೈನಲ್ಲಿ ವಿಮೆ, ಹೂವಿನ ಕಾಲದಲ್ಲಿ ಕೀಟದ ಎಚ್ಚರಿಕೆ. ಒಳಗಿನ ವಿಷಯ ಹಂಗಾಮಿನೊಡನೆ ಬದಲಾಗಬಹುದು, ಗುಂಡಿಯ ಜಾಗ ಬದಲಾಗಬಾರದು. ಹವಾಮಾನವೂ ಆ ಪುಟದಲ್ಲೇ ಒಂದು ಸಾಲಾಗಿ ಕೂರಬಹುದು. ಆಗ ಕೆಳಗೆ ಮನೆ, ದರ, ಕೀಟ-ರೋಗ, ಪಾವತಿ, ಇನ್ನಷ್ಟು.

ಆಳಂದದ ರೈತ: ಹವಾಮಾನವನ್ನು ಒಳಗೆ ತಳ್ಳಬೇಡಿ ಅಕ್ಕ. ಔಷಧ ಹೊಡೆಯುವ ಮುನ್ನ, ರಾಶಿ ಮಾಡುವ ಮುನ್ನ ನೋಡುವುದು ಅದನ್ನೇ. ಪಾವತಿ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು.

ಬಿದರಿ ಕುಸುರಿ: ಪಾವತಿ ಅಪರೂಪ, ಒಪ್ಪುತ್ತೇನೆ. ಆದರೆ ಹಣ ಬಂತೋ ಇಲ್ಲವೋ ಎಂದು ನೋಡಲು ಆ್ಯಪ್ ತೆರೆದವರಿಗೆ ಆ ಪುಟ ಸಿಗದಿದ್ದರೆ ಗುಂಪಿನ ಮೇಲೆಯೇ ಸಂಶಯ ಬರುತ್ತದೆ. ನಾನು ಅದನ್ನು ಕೆಳಗೇ ಇಡುತ್ತೇನೆ.

ಗಂಜ್ ರಸ್ತೆ: ಸೇಡಂನವರಿಗೆ ಕರೆ ಮಾಡಿದೆ. ಮೂವರ ಫೋನ್‌ನಲ್ಲೂ ಕೆಳಗೆ ಗುಂಡಿಗಳಿಲ್ಲ. ಎಳೆದು ತೆರೆಯುವುದನ್ನು ಇಂದೇ ತೆಗೆಯುತ್ತೇನೆ. ಪಾವತಿಯೋ ಹವಾಮಾನವೋ ಎಂಬುದಕ್ಕೆ ಎರಡು ಕಾಗದದ ಮೇಲೆ ಎರಡು ಪಟ್ಟಿ ಬರೆದುಕೊಂಡು ಸೋಮವಾರ ಗಂಜ್‌ಗೆ ಹೋಗುತ್ತೇನೆ. ಯಾವುದು ಬೇಕು ಎಂದು ಕೇಳುವುದಿಲ್ಲ. 'ನಿಮ್ಮ ಹಣ ಬಂದಿದೆಯೇ ನೋಡಿ', 'ನಾಳೆ ಮಳೆ ಇದೆಯೇ ನೋಡಿ' ಎಂದು ಹೇಳಿ, ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳುತ್ತೇನೆ.

ಶಹಾಪುರದ ಮೇಷ್ಟ್ರು: ಓದಲು ಬಾರದವರನ್ನೂ ಇಬ್ಬರನ್ನು ಕೂರಿಸಿಕೊಳ್ಳಿ.