ಪದಚರ್ಚೆ: ವೈರಿನೊಳಗೇ ಕಳೆದುಹೋಗುವ ವೋಲ್ಟೇಜಿಗೆ ಏನೆನ್ನೋಣ?

ನಮಸ್ಕಾರ. ಶಿರಸಿ ಕಡೆ ಸಿಸಿ ಕ್ಯಾಮೆರಾ ಕೂರಿಸುವವನು ನಾನು. ಗಿರಾಕಿಗಳಿಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ವೋಲ್ಟೇಜ್ ಡ್ರಾಪ್’ ಎಂಬಲ್ಲಿ ಪೆನ್ನು ನಿಂತುಬಿಟ್ಟಿದೆ.

ಒಬ್ಬರ ಮನೆಯಿಂದ ತೋಟದ ಗೇಟಿಗೆ 60 ಮೀಟರ್. ಮೊದಲು ಯಾರೋ ಅರ್ಧ ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆದಿದ್ದರು, 12 ವೋಲ್ಟ್ ಅಡಾಪ್ಟರು. ಹಗಲೆಲ್ಲ ಸರಿಯಾಗಿ ಓಡುವ ಕ್ಯಾಮೆರಾ, ಕತ್ತಲಾಗಿ ಐಆರ್ ದೀಪ ಹೊತ್ತಿದ ಕೂಡಲೇ ಆಫಾಗಿ ಮತ್ತೆ ಆನಾಗುತ್ತಿತ್ತು, ರಾತ್ರಿಯಿಡೀ ಇದೇ. ಹೋಗುವ ತಂತಿ, ಬರುವ ತಂತಿ ಸೇರಿ 120 ಮೀಟರ್, ಸುಮಾರು 4.5 ಓಮ್. ದೀಪ ಹೊತ್ತಿದಾಗ 0.6 ಆಂಪಿಯರ್ ಎಳೆದರೆ 2.7 ವೋಲ್ಟ್ ವೈರಿಗೇ ಹೋಯಿತು, ಕ್ಯಾಮೆರಾಕ್ಕೆ ಉಳಿದದ್ದು 9.3. ಪಿನ್ ಬಿಚ್ಚಿ ಮೀಟರ್ ಹಿಡಿದರೆ ಮಾತ್ರ ಪೂರಾ 12 ತೋರಿಸುತ್ತದೆ.

‘ವೋಲ್ಟೇಜ್ ಇಳಿದಿದೆ’ ಎಂದು ಹೇಳಿ ಬಂದೆ. ಮರುದಿನ ಅವರು ಸ್ಟೆಬಿಲೈಸರ್ ತಂದಿಟ್ಟಿದ್ದರು. ತಪ್ಪು ಅವರದಲ್ಲ, ನಮ್ಮಲ್ಲಿ ವೋಲ್ಟೇಜ್ ಇಳಿಯುವುದು ಎಂದರೆ ಲೈನಿನ ಕರೆಂಟೇ ಮಂದವಾಗುವುದು. ‘ಕುಸಿತ’ ಎಂದರೂ ಅದೇ ಅರ್ಥ ಬರುತ್ತದೆ. ಬೇರೆ ಪದ ಇದೆಯೇ?

ಹೊನ್ನಾವರದಿಂದ: ‘ಸೋರಿಕೆ’ ಎನ್ನಿ. ದಾರಿಯಲ್ಲಿ ಕರೆಂಟು ಸೋರಿ ಹೋಗುತ್ತದೆ, ಎಲ್ಲರಿಗೂ ತಿಳಿಯುತ್ತದೆ.

ಕಾರವಾರದಿಂದ: ನಮ್ಮ ಅಂಗಡಿಯ ಎಲ್‌ಇಡಿ ಪಟ್ಟಿಗೂ ಇದೇ ಗತಿ, ಕೊನೆಯ ಭಾಗ ಮಂಕು. ದೊಡ್ಡ ಗೇಜಿನ ವೈರು ಹಾಕಿ ಎಂದರು. 18 ತೆಗೆದು 22 ಹಾಕಿಸಿದೆ, ಇನ್ನಷ್ಟು ಮಂಕಾಯಿತು. ಪಟ್ಟಿಯೇ ಕಳಪೆಯೋ ಏನೋ?

ಯಲ್ಲಾಪುರದಿಂದ: ಕಾರವಾರದವರೇ, ಗೇಜ್ ನಂಬರ್ ಏರಿದಷ್ಟೂ ತಂತಿ ಸಪೂರ. ಅದಕ್ಕೇ ‘ದೊಡ್ಡ ಗೇಜ್’ ಎನ್ನುವ ಮಾತನ್ನೇ ಬಿಟ್ಟು ‘ಒಂದೂವರೆ ಸ್ಕ್ವೇರ್ ಎಂಎಂ ಕೊಡಿ’ ಎಂದು ಕೇಳಬೇಕು. ಆದರೆ ಪಟ್ಟಿಯೊಳಗಿನ ತಾಮ್ರದ ಹಾಳೆಯೂ ತೆಳುವೇ. ಉದ್ದದ ಪಟ್ಟಿಯಾದರೆ ಎರಡೂ ತುದಿಗೆ ಸಪ್ಲೈ ಕೊಡಿ.

ಸೋರಿಕೆ ಒಪ್ಪುವುದಿಲ್ಲ. ಸೋರಿದರೆ ಹೊರಟಷ್ಟು ಕರೆಂಟು ಮರಳಿ ಬರಬಾರದು. ಇಲ್ಲಿ ಅಷ್ಟೂ ಬರುತ್ತದೆ, ಒತ್ತಡ ಮಾತ್ರ ತಗ್ಗುತ್ತದೆ. ಪಠ್ಯದ ‘ವಿಭವಾಂತರ’ ಯಾವುದೇ ಎರಡು ಬಿಂದುಗಳ ನಡುವಿನ ವ್ಯತ್ಯಾಸ, ನಷ್ಟದ ಸುದ್ದಿ ಅದರಲ್ಲಿಲ್ಲ. ನಮ್ಮ ತೋಟದಲ್ಲಿ ಸಪೂರ ಪೈಪು ಹಾಕಿದವರು ‘ಕೊನೇ ಜೆಟ್ಟಿಗೆ ಪ್ರೆಷರ್ ಬತ್ತಿಲ್ಲೆ’ ಎನ್ನುತ್ತಾರೆ. ಜೆಟ್ ಮುಚ್ಚಿದರೆ ಪ್ರೆಷರ್ ಪೂರಾ, ಬಿಟ್ಟರೆ ಇಲ್ಲ. ನಿಮ್ಮ ಮೀಟರ್ ತೋರಿಸಿದ್ದೂ ಇದನ್ನೇ. ‘ದಾರಿನಷ್ಟ’ ಎಂದರೆ ಹೇಗೆ?

ಶಿರಸಿಯಿಂದ: ಒಂದೂವರೆ ಸ್ಕ್ವೇರ್ ಎಂಎಂ ಎಳೆದೆ, ಐಆರ್ ಹೊತ್ತಿದಾಗಲೂ ಗೇಟಿನಲ್ಲಿ 11.1 ಸಿಗುತ್ತಿದೆ. ‘ದಾರಿನಷ್ಟ’ವನ್ನು ಆ ಮನೆಯವರಿಗೆ ಹೇಳಿ ನೋಡಿದೆ. ‘ಹಂಗಾರೆ ಮೀಟರಲ್ಲಿ ಯೂನಿಟ್ ಜಾಸ್ತಿ ಓಡ್ತ?’ ಎಂದರು. ‘ನಷ್ಟ’ ಎಂದೊಡನೆ ಬಿಲ್ಲೇ ನೆನಪಾಗುತ್ತದೆ. ‘ವೈರು ತಿಂದ ವೋಲ್ಟೇಜ್’ ಎಂದಾಗ ತಕ್ಷಣ ತಲೆಯಾಡಿಸಿದರು. ಬರಹದಲ್ಲಿ ಅದು ನಿಲ್ಲುತ್ತದೆಯೇ?