ಸ್ಕ್ರೀನ್‌ಶಾಟ್‌ನ ಮೇಲಿನ ಪಟ್ಟಿ, ಕೆಳಗಿನ ಬಟನ್ ಸಾಲು ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಮಹಿಳಾ ಸಂಘದವರಿಗೆ ಮೊಬೈಲ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡುವುದನ್ನು ಹೇಳಿಕೊಡಲು ಪಿಪಿಟಿ ಮಾಡುತ್ತಿದ್ದೇನೆ. 26 ಸ್ಕ್ರೀನ್‌ಶಾಟ್ ಇವೆ. ಮೇಲೆ ಟೈಮು, ಬ್ಯಾಟರಿ, ಮೆಸೇಜ್ ಗುರುತು. ಕೆಳಗೆ ಮೂರು ಬಟನ್. ಪವರ್‌ಪಾಯಿಂಟ್‌ನಲ್ಲೇ ಒಂದೊಂದಾಗಿ ಕ್ರಾಪ್ ಮಾಡಿದೆ. ಸ್ಲೈಡ್ ಬದಲಾದಾಗ ಚಿತ್ರ ಕುಣಿದ ಹಾಗೆ ಕಾಣುತ್ತೆ. ಏನು ಮಾಡಲಿ?

ಸ್ಯಾಮ್‌ಸಂಗ್ ಫೋನ್ ಬಳಸುವವರು: ಇಷ್ಟೊಂದು ಕಷ್ಟ ಯಾಕೆ ಮೇಡಂ? ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್‌ಶಾಟ್ ವಿಭಾಗಕ್ಕೆ ಹೋಗಿ `Hide status and navigation bars` ಆನ್ ಮಾಡಿ. ಎಲ್ಲಾ ಫೋನಲ್ಲೂ ಇರುತ್ತೆ.

ತರಬೇತಿ ಸ್ಲೈಡ್ ಮಾಡುವವರು: ಎಲ್ಲಾ ಫೋನಲ್ಲೂ ಇಲ್ಲ ಸರ್, ಅದು ಸ್ಯಾಮ್‌ಸಂಗ್‌ನಲ್ಲಿ ಸಿಗುವ ಸೌಲಭ್ಯ. ಅದೂ ಮುಂದೆ ತೆಗೆಯುವ ಸ್ಕ್ರೀನ್‌ಶಾಟ್‌ಗಳಿಗೆ ಮಾತ್ರ. ಈಗಾಗಲೇ ತೆಗೆದ 26ಕ್ಕೆ ಕೆಲಸ ಮಾಡಲ್ಲ.

ಮೇಡಂ, ಕೈಯಲ್ಲಿ ಎಳೆದು ಕ್ರಾಪ್ ಮಾಡಿದರೆ ಒಂದರಲ್ಲಿ ಎರಡು ಗೆರೆ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆಗುತ್ತೆ. ಕುಣಿತ ಬರುವುದು ಅದರಿಂದಲೇ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ, ಆಮೇಲೆ ಪಿಪಿಟಿಗೆ ಹಾಕಿ.

ಮೊದಲು ಒಂದೇ ಒಂದು ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಚೆನ್ನಾಗಿ ಜೂಮ್ ಮಾಡಿ. ಬಾಣವನ್ನು ಎಲ್ಲಿ ಇಟ್ಟಿದ್ದೀರಿ ಎನ್ನುವ ಅಂಕಿ ಕೆಳಗೆ ಎಡಗಡೆ ಕಾಣುತ್ತೆ. ಎರಡನೇ ಅಂಕಿ ನೋಡಿ. ಆ್ಯಪ್ ಎಲ್ಲಿ ಶುರುವಾಗುತ್ತೆ, ಬಟನ್ ಸಾಲು ಎಲ್ಲಿ ಶುರುವಾಗುತ್ತೆ, ಎರಡನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಚಿತ್ರ 1080×2400 ಇದ್ದು, ಆ್ಯಪ್ 96ಕ್ಕೆ, ಬಟನ್ ಸಾಲು 2274ಕ್ಕೆ ಶುರುವಾಯ್ತು ಅಂದುಕೊಳ್ಳಿ. ಉಳಿಸಬೇಕಾದ ಎತ್ತರ 2274 − 96, ಅಂದರೆ 2178. ನನ್ನ ಅಂಕಿಯನ್ನೇ ಹಾಕಬೇಡಿ. ಮುಂದಿನ ಕ್ಯಾಮೆರಾ ತೂತು ಇರುವ ಫೋನಿನಲ್ಲಿ ಮೇಲಿನ ಪಟ್ಟಿ ದಪ್ಪ ಇರುತ್ತೆ, ಪ್ರತಿ ಮಾಡೆಲ್‌ಗೂ ಬೇರೆ.

ಕೆಲವು ಆ್ಯಪ್‌ಗಳಲ್ಲಿ ಪಟ್ಟಿಯ ಬಣ್ಣ, ಆ್ಯಪ್ ತಲೆಬರಹದ ಬಣ್ಣ ಒಂದೇ ಇರುತ್ತೆ. ಗಡಿಯೇ ಸಿಗಲ್ಲ. ಆಗ ಅದೇ ಫೋನಿನಲ್ಲಿ ಗಡಿ ಸ್ಪಷ್ಟವಾಗಿ ಕಾಣುವ ಬೇರೊಂದು ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು ಅಳೆಯಿರಿ. ಫೋನು ನೆಟ್ಟಗೆ ಹಿಡಿದು ತೆಗೆದಿದ್ದರೆ ಅಂಕಿ ಅದೇ.

ಈಗ ಕಂಪ್ಯೂಟರ್‌ನಲ್ಲಿ ಇರ್ಫಾನ್‌ವ್ಯೂ ಎನ್ನುವ ಚಿತ್ರ ತಂತ್ರಾಂಶ ತೆರೆದು `B` ಒತ್ತಿ, 26 ಚಿತ್ರಗಳನ್ನೂ ಸೇರಿಸಿ. `Use advanced options` ಟಿಕ್ ಮಾಡಿ `Advanced` ಒಳಗೆ `CROP` ಟಿಕ್ ಮಾಡಿ ಇದನ್ನು ತುಂಬಿ:

```
X-pos: 0
Y-pos: 96
Width: 1080
Height: 2178
```

ಉಳಿಸುವ ಬಗೆ ಪಿಎನ್‌ಜಿ ಇರಲಿ. ಉಳಿಸಲು ಬೇರೆ ಫೋಲ್ಡರ್ ಕೊಡಿ, ಮೂಲ ಚಿತ್ರಗಳು ಹಾಗೇ ಇರಬೇಕು.

ಇನ್ನೊಂದು ಮಾತು. ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದ ಭಾಗ ಹೋಗಿರುವುದಿಲ್ಲ, ಬರೀ ಮರೆಯಾಗಿರುತ್ತೆ. ಒಮ್ಮೆ ನಾನು ಹೆಸರಿದ್ದ ಸಾಲನ್ನು ಹೀಗೆ ಕತ್ತರಿಸಿ ಫೈಲ್ ಕಳಿಸಿದ್ದೆ. ಅವರು `Crop` ಒತ್ತಿದಾಗ ಹೆಸರು ಪೂರ್ತಿ ಕಾಣಿಸಿತು. ಅಲ್ಲೇ ಕ್ರಾಪ್ ಮಾಡಲೇಬೇಕಾದರೆ `Compress Pictures` ಒಳಗೆ `Delete cropped areas of pictures` ಟಿಕ್ ಮಾಡಿ ಉಳಿಸಿ.

ಪ್ರಶ್ನೆ ಕೇಳಿದವರು: ಮಾಡಿದೆ ಸರ್, 22 ಸರಿಯಾಗಿ ಬಂದವು. ನಾಲ್ಕರಲ್ಲಿ ಆ್ಯಪ್‌ನ ತಲೆಬರಹ ಅರ್ಧ ಹೋಗಿದೆ, ಕೆಳಗಿನ ಬಟನ್ ಹಾಗೇ ಇವೆ. ಆ ನಾಲ್ಕು ನನ್ನ ಮಗಳಿಗೆ ಕಳಿಸಿ ವಾಪಸ್ ತರಿಸಿಕೊಂಡಿದ್ದು.

ತರಬೇತಿ ಸ್ಲೈಡ್ ಮಾಡುವವರು: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿರಬೇಕು ಅಲ್ವಾ? ಅದು ಚಿತ್ರವನ್ನು ಕುಗ್ಗಿಸುತ್ತೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ `Properties`, ಆಮೇಲೆ `Details` ನೋಡಿ, ಅಗಲ ಎತ್ತರ ಎಷ್ಟಿದೆ ಹೇಳಿ.

ಪ್ರಶ್ನೆ ಕೇಳಿದವರು: 720×1600.

ತರಬೇತಿ ಸ್ಲೈಡ್ ಮಾಡುವವರು: ಹಾಗಾದರೆ ಮೂರರಲ್ಲಿ ಎರಡು ಪಾಲಿಗೆ ಇಳಿದಿದೆ. ಆ ನಾಲ್ಕಕ್ಕೆ `Y-pos` 64, `Width` 720, `Height` 1452 ಹಾಕಿದರೆ ಸರಿಯಾಗುತ್ತೆ. ಆದರೆ ದೊಡ್ಡ ಪರದೆಯಲ್ಲಿ ಅಕ್ಷರ ಮಸುಕಾಗಿ ಕಾಣಬಹುದು. ನಿಮ್ಮ ಫೋನಲ್ಲಿ ಮೂಲ ಚಿತ್ರ ಇದ್ದರೆ ಅದನ್ನೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಕಾಲೇಜು ವಿದ್ಯಾರ್ಥಿ: ಸರ್, ನನ್ನ ಫೋನಲ್ಲಿ ಬಟನ್ ಇಲ್ಲ, ಕೆಳಗೆ ಸಣ್ಣ ಗೆರೆ ಮಾತ್ರ. ಅದನ್ನೂ ಹೀಗೇ ಕತ್ತರಿಸಬಹುದಾ?

ತರಬೇತಿ ಸ್ಲೈಡ್ ಮಾಡುವವರು: ನೋಡಿ ಕತ್ತರಿಸಿ. ಆ ಗೆರೆ ಎಷ್ಟೋ ಆ್ಯಪ್‌ಗಳಲ್ಲಿ ಆ್ಯಪ್‌ನ ಮೇಲೇ ಕೂತಿರುತ್ತೆ. ಕತ್ತರಿಸಿದರೆ ಆ್ಯಪ್‌ನ ಕೊನೇ ಸಾಲೂ ಹೋಗುತ್ತೆ. ಹಾಗಿದ್ದರೆ ನಾನು ಗೆರೆಯನ್ನು ಬಿಟ್ಟುಬಿಡುತ್ತೇನೆ.

ಹಳ್ಳಿಗಳಲ್ಲಿ ಮೊಬೈಲ್ ಕಲಿಸುವವರು: ನನ್ನದು ಬೇರೆ ಅಭಿಪ್ರಾಯ ಅಕ್ಕ. ಮೇಲಿನ ಪಟ್ಟಿ ತೆಗೆಯಿರಿ, ಕೆಳಗಿನ ಬಟನ್ ಬಿಡಿ. ನನ್ನ ತರಗತಿಯಲ್ಲಿ ಜಾಸ್ತಿ ಕೇಳುವುದು "ಹಿಂದಕ್ಕೆ ಹೋಗೋದು ಹೇಗೆ" ಅಂತ. ಸ್ಲೈಡಿನಲ್ಲಿ ಆ ಬಟನ್ನೇ ಇಲ್ಲದಿದ್ದರೆ ಕೈಲಿರುವ ಫೋನು ಬೇರೆ ಅನ್ನಿಸುತ್ತೆ ಅವರಿಗೆ.

ತರಬೇತಿ ಸ್ಲೈಡ್ ಮಾಡುವವರು: ಹಿಂದಕ್ಕೆ ಹೋಗುವ ಹೆಜ್ಜೆಗೆ ಮಾತ್ರ ಬಟನ್ ಇರುವ ಪೂರ್ತಿ ಚಿತ್ರ ಒಂದು ಸಾಕು ಅಂತ ನನಗನ್ನಿಸುತ್ತೆ. ಉಳಿದ ಕಡೆ ಕಣ್ಣು ಆ್ಯಪ್ ಮೇಲಿರಲಿ.

ಹಳ್ಳಿಗಳಲ್ಲಿ ಮೊಬೈಲ್ ಕಲಿಸುವವರು: ಒಂದು ಸ್ಲೈಡ್ ನೆನಪಿರಲ್ಲ ಸರ್. ನಾನಂತೂ ಎಲ್ಲದರಲ್ಲೂ ಬಿಡುತ್ತೇನೆ.

ಪ್ರಶ್ನೆ ಕೇಳಿದವರು: ಎರಡೂ ಥರ ಕತ್ತರಿಸಿಟ್ಟುಕೊಳ್ಳುತ್ತೇನೆ. ಬಟನ್ ಉಳಿಸಬೇಕಾದರೆ `Height` 2304 ಹಾಕಬೇಕು, ಅಲ್ವಾ?

ತರಬೇತಿ ಸ್ಲೈಡ್ ಮಾಡುವವರು: ಹೌದು ಮೇಡಂ, 2400ರಲ್ಲಿ 96 ಕಳೆದರೆ ಅಷ್ಟೇ.